ತೊಗರಿ ಕುಡಿ ಚಿವುಟುವ ಪೇಪರನ್ನು ರೈತರ ಕನ್ನಡಕ್ಕೆ ತರುವುದು ಹೇಗೆ?

ಪ್ರಶ್ನೆ: ಮೇಡಂ, ನಾನು ಕಲಬುರಗಿ ಜಿಲ್ಲೆಯ ಒಂದು ಹಳ್ಳಿಯಲ್ಲಿ ಕೃಷಿ ಸಖಿ. ತೊಗರಿ ಕುಡಿ ಚಿವುಟುವ ಬಗ್ಗೆ ಆರು ಪುಟದ ಇಂಗ್ಲಿಷ್ ಸಂಶೋಧನಾ ಪೇಪರ್ ಕೊಟ್ಟು, ಒಂದು ಪುಟದಲ್ಲಿ ಕನ್ನಡ ಮಾಡಿ ಹಂಚಿ ಅಂದರು. ಅದರ ಶುರುವಿನಲ್ಲಿರುವ ಸಾರಾಂಶ, ಅಂದರೆ ಅಬ್‌ಸ್ಟ್ರ್ಯಾಕ್ಟನ್ನು ಸಾಲು ಸಾಲಾಗಿ ಕನ್ನಡ ಮಾಡಿದೆ. ಓದಿ ಹೇಳಿದಾಗ ಒಬ್ಬ ಕಾಕಾ, "ಇದೆಲ್ಲಾ ಖರೇ ತಂಗಿ, ನಾ ಏನ್ ಮಾಡ್ಬೇಕು ಅದನ್ನ ಹೇಳು" ಅಂದರು. ನನಗೇ ಗೊತ್ತಿರಲಿಲ್ಲ. ಸಿಗ್ನಿಫಿಕೆಂಟ್, ಆನ್ ಪಾರ್, ಸಿ.ಡಿ. ಇವಕ್ಕೆಲ್ಲ ಕನ್ನಡದಲ್ಲಿ ಏನು ಬರೆಯಬೇಕು? ತಪ್ಪು ಬರೆದು ರೈತರಿಗೆ ನಷ್ಟ ಆದರೆ ಅಂತ ಭಯ.

ಉತ್ತರ: ಆ ಕಾಕಾ ಕೇಳಿದ್ದೇ ಸರಿಯಾದ ಪ್ರಶ್ನೆ. ಅದಕ್ಕೆ ಉತ್ತರ ಅಬ್‌ಸ್ಟ್ರ್ಯಾಕ್ಟ್‌ನಲ್ಲಿ ಇರುವುದಿಲ್ಲ. ಅದನ್ನು ಒಬ್ಬ ವಿಜ್ಞಾನಿ ಇನ್ನೊಬ್ಬ ವಿಜ್ಞಾನಿಗಾಗಿ ಬರೆದಿರುತ್ತಾರೆ. ಎಲ್ಲಕ್ಕಿಂತ ಚೆನ್ನಾಗಿ ಬಂದ ಒಂದು ಫಲಿತಾಂಶವನ್ನು ಎತ್ತಿ ಹೇಳಿ, ಉಳಿದದ್ದನ್ನು ಒಳಗಿನ ಪುಟಗಳಿಗೆ ಬಿಟ್ಟಿರುತ್ತಾರೆ. ನೀವು ಎಷ್ಟೇ ಚೆಂದ ಕನ್ನಡ ಮಾಡಿದರೂ ಅಲ್ಲಿ ಇಲ್ಲದ್ದು ಬರುವುದಿಲ್ಲ, ಅಲ್ವಾ?

ಪೇಪರ್ ಅರ್ಥ ಮಾಡಿಕೊಳ್ಳಲು ಇಂಗ್ಲಿಷ್ ಪದಗಳಿಗೆ ಕನ್ನಡ ಪದ ಹುಡುಕುತ್ತಾ ಕೂರಬೇಡಿ. ಪ್ರತಿ ಅಂಕಿಯ ಮುಂದೆ ಬೆರಳಿಟ್ಟು ಒಂದೇ ಮಾತು ಕೇಳಿ: "ಯಾವುದಕ್ಕಿಂತ?" ಕೃಷಿ ಪ್ರಯೋಗದ ಫಲಿತಾಂಶ ಎಂದರೆ ಒಂದು ಹೋಲಿಕೆ. ಇಳುವರಿ ಜಾಸ್ತಿ ಬಂತು ಎಂದರೆ ಯಾವ ತಾಕಿಗಿಂತ ಜಾಸ್ತಿ? ಆ ತಾಕಿಗೆ ಏನೇನು ಕೊಟ್ಟಿದ್ದರು? ನಮ್ಮ ಕರಪತ್ರಗಳಲ್ಲಿ ಈ "ಯಾವುದಕ್ಕಿಂತ" ಬಿದ್ದುಹೋಗುತ್ತದೆ. ರೈತರು ಮೋಸ ಹೋಗುವುದು ಅಲ್ಲಿಯೇ.

ನಿಮ್ಮ ಪೇಪರ್ ನನ್ನ ಕೈಯಲ್ಲಿಲ್ಲ. ಹಾಗಾಗಿ ಲೆಕ್ಕ ತೋರಿಸಲು ನಾನೇ ಒಂದು ಟೇಬಲ್ ಮಾಡಿಕೊಂಡಿದ್ದೇನೆ. ಇವು ಯಾವ ಪೇಪರಿನ ಅಂಕಿಗಳೂ ಅಲ್ಲ. ನಿಮ್ಮದರಲ್ಲಿರುವ ಅಂಕಿಗಳನ್ನು ಇದೇ ಜಾಗದಲ್ಲಿ ಇಟ್ಟು ನೋಡಿ.

| ಏನು ಮಾಡಿದರು | ಇಳುವರಿ (ಹೆಕ್ಟೇರಿಗೆ ಕೆಜಿ) |
|---|---|
| ಕುಡಿ ಚಿವುಟದೆ ಬಿಟ್ಟದ್ದು | 1,420 |
| ಬಿತ್ತಿದ 30 ದಿನಕ್ಕೆ ಚಿವುಟಿದ್ದು | 1,510 |
| 45 ದಿನಕ್ಕೆ ಚಿವುಟಿದ್ದು | 1,680 |
| 60 ದಿನಕ್ಕೆ ಚಿವುಟಿದ್ದು | 1,590 |
| ಸಿ.ಡಿ. (5%) | 130 |

ಕೊನೆಯ ಸಾಲನ್ನು ತುಂಬಾ ಜನ ಬಿಟ್ಟುಬಿಡುತ್ತಾರೆ. ಆದರೆ ಇಡೀ ಟೇಬಲ್‌ಗೆ ಅದೇ ಬೀಗದ ಕೈ. ಹೊಲ ಎಂದರೆ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ಒಂದು ಮೂಲೆಯಲ್ಲಿ ಮಣ್ಣು ಆಳ, ಇನ್ನೊಂದು ಮೂಲೆಯಲ್ಲಿ ನೀರು ನಿಲ್ಲುತ್ತದೆ. ಒಂದೇ ಬೀಜ, ಒಂದೇ ಗೊಬ್ಬರ ಹಾಕಿದ ಎರಡು ತಾಕಿನಲ್ಲೂ ರಾಶಿ ತೂಕ ಬೇರೆ ಬೇರೆ ಬರುತ್ತದೆ. ಇದು ನಿಮ್ಮ ಕಾಕಾಗೆ ನಮಗಿಂತ ಚೆನ್ನಾಗಿ ಗೊತ್ತು. ಹಾಗಾದರೆ ಎರಡು ಉಪಚಾರಗಳ ನಡುವೆ, ಅಂದರೆ ಬೇರೆ ಬೇರೆ ರೀತಿ ಮಾಡಿದ ಎರಡು ತಾಕುಗಳ ನಡುವೆ, ಕಾಣುವ ವ್ಯತ್ಯಾಸ ಚಿವುಟಿದ್ದರಿಂದ ಬಂತೋ, ಸುಮ್ನೆ ಹೊಲದ ಏರುಪೇರಿನಿಂದ ಬಂತೋ? ಅದನ್ನು ಅಳೆಯುವ ಗೆರೆಯೇ ಸಿ.ಡಿ., ಅಂದರೆ ಕ್ರಿಟಿಕಲ್ ಡಿಫರೆನ್ಸ್. ಎರಡು ಅಂಕಿಗಳ ನಡುವಿನ ವ್ಯತ್ಯಾಸ ಈ ಗೆರೆ ದಾಟಿದರೆ ಅದು ಉಪಚಾರದಿಂದ ಬಂದದ್ದು ಎಂದು ನಂಬಲು ಆಧಾರ ಇದೆ. ದಾಟದಿದ್ದರೆ ಹಾಗೆ ಹೇಳಲು ಆಗುವುದಿಲ್ಲ.

ಈಗ ಕಳೆಯುವ ಲೆಕ್ಕ ಮಾಡಿ. 45 ದಿನಕ್ಕೆ ಚಿವುಟಿದ್ದಕ್ಕೂ ಚಿವುಟದ್ದಕ್ಕೂ ವ್ಯತ್ಯಾಸ 260. ಗೆರೆ ದಾಟಿತು. 60 ದಿನದ್ದು 170, ಅದೂ ದಾಟಿತು. 30 ದಿನದ್ದು ಬರೀ 90, ದಾಟಲಿಲ್ಲ. ಅಂದರೆ ತೀರಾ ಬೇಗ ಚಿವುಟಿದರೆ ಲಾಭ ಆಗುತ್ತದೆ ಎಂದು ಈ ಪ್ರಯೋಗದಿಂದ ಹೇಳಲು ಬರುವುದಿಲ್ಲ. ಇನ್ನು 45 ಮತ್ತು 60 ದಿನಗಳ ನಡುವೆ ನೋಡಿ. ವ್ಯತ್ಯಾಸ 90 ಮಾತ್ರ. ಇದನ್ನೇ ಇಂಗ್ಲಿಷಿನಲ್ಲಿ ಆನ್ ಪಾರ್ ಎನ್ನುತ್ತಾರೆ.

ರೈತರಿಗೆ ಬೇಕಾದ ಮಾತು ಇಲ್ಲಿದೆ. ಅಬ್‌ಸ್ಟ್ರ್ಯಾಕ್ಟ್ 45 ದಿನ ಎಂದು ಮಾತ್ರ ಹೇಳಿರುತ್ತದೆ. ಅದನ್ನು ಹಾಗೇ ಬರೆದರೆ, 45ನೇ ದಿನ ಮಳೆ ಹಿಡಿದು ಕೂಲಿಯವರು ಬರದೆ ಹೋದಾಗ ರೈತರು "ಇನ್ನು ಸಮಯ ಮೀರಿತು" ಎಂದು ಕೈಬಿಡುತ್ತಾರೆ. ಟೇಬಲ್ ಹೇಳುವುದು ಬೇರೆ. ಒಂದು ವಾರ, ಹತ್ತು ದಿನ ತಡವಾದರೂ ಚಿವುಟದೆ ಬಿಡುವುದಕ್ಕಿಂತ ಚಿವುಟುವುದು ಮೇಲು. ಇಂಥ ಒಂದು ಸಾಲು ಸಿಕ್ಕರೆ ಆರು ಪುಟ ಓದಿದ್ದಕ್ಕೂ ಸಾರ್ಥಕ.

ಪದಗಳ ವಿಷಯಕ್ಕೆ ಬರುತ್ತೇನೆ. ಸಿಗ್ನಿಫಿಕೆಂಟ್ ಎಂದರೆ "ಗಣನೀಯ", "ಮಹತ್ವದ", "ತುಂಬಾ" ಎಂದು ಬರೆಯುವುದು ಎಲ್ಲ ಕಡೆ ನಡೆಯುತ್ತಿರುವ ತಪ್ಪು. ಆ ಪದಕ್ಕೆ ಪೇಪರಿನಲ್ಲಿ ದೊಡ್ಡದು ಎಂಬ ಅರ್ಥವೇ ಇಲ್ಲ. ವ್ಯತ್ಯಾಸ ನಂಬಬಹುದಾದದ್ದು ಎಂದಷ್ಟೇ ಅರ್ಥ. ಪ್ರಯೋಗ ಬಿಗಿಯಾಗಿ ನಡೆದಿದ್ದರೆ ಎಕರೆಗೆ 20 ಕೆಜಿ ವ್ಯತ್ಯಾಸವೂ ಸಿಗ್ನಿಫಿಕೆಂಟ್ ಆಗಬಹುದು. ಅದು ಕೂಲಿಗೂ ಸಾಲದೆ ಹೋಗಬಹುದು. ಆದ್ದರಿಂದ ನಾನು "ಪ್ರಯೋಗದಲ್ಲಿ ನಿಜವಾಗಿಯೂ ವ್ಯತ್ಯಾಸ ಕಂಡಿತು" ಎಂದು ಬರೆದು, ಪಕ್ಕದಲ್ಲೇ ಎಷ್ಟು ಎಂದು ಅಂಕಿ ಕೊಡುತ್ತೇನೆ. ಆನ್ ಪಾರ್ ಎನ್ನುವುದಕ್ಕೆ "ಸಮಾನ" ಎಂದು ಬರೆಯುವುದಿಲ್ಲ. "ಇವೆರಡರಲ್ಲಿ ಯಾವುದು ಮೇಲು ಎಂದು ಹೇಳಲು ಆಗಲಿಲ್ಲ" ಎನ್ನುತ್ತೇನೆ. ಸಿ.ಡಿ. ಪದ ರೈತರ ಹಾಳೆಯಲ್ಲಿ ಬೇಡವೇ ಬೇಡ. ನಿಮ್ಮ ಟಿಪ್ಪಣಿಯಲ್ಲಿ ಇರಲಿ.

ಮುಂದಿನದು ಅಳತೆ. ಪೇಪರಿನಲ್ಲಿ ಹೆಕ್ಟೇರ್, ನಮ್ಮಲ್ಲಿ ಎಕರೆ. ಒಂದು ಹೆಕ್ಟೇರ್ ಅಂದರೆ 2.47 ಎಕರೆ. ಕೈಲೆಕ್ಕಕ್ಕೆ ಎರಡೂವರೆಯಿಂದ ಭಾಗಿಸಿದರೆ ಸಾಕು. 260 ಕೆಜಿ ಎಂದರೆ ಎಕರೆಗೆ ಹೆಚ್ಚು ಕಡಿಮೆ ಒಂದು ಕ್ವಿಂಟಲ್.

ಆದರೆ ಇದನ್ನು ಹಾಗೇ "ಎಕರೆಗೆ ಒಂದು ಕ್ವಿಂಟಲ್ ಜಾಸ್ತಿ" ಎಂದು ಬರೆಯಬೇಡಿ. ಚಿವುಟದ ತಾಕಿನಲ್ಲೇ 1,420 ಕೆಜಿ ಬಂದಿದೆ, ಅಂದರೆ ಎಕರೆಗೆ ಐದೂವರೆ ಕ್ವಿಂಟಲ್ ಮೇಲೆ. ಮಳೆ ನಂಬಿದ ಹೊಲದಲ್ಲಿ ಮೂರು ಕ್ವಿಂಟಲ್ ಬೆಳೆಯುವ ರೈತರಿಗೆ ಅದೇ ಒಂದು ಕ್ವಿಂಟಲ್ ಸಿಗುತ್ತದೆ ಎನ್ನಲು ಆಧಾರ ಇಲ್ಲ. ಶೇಕಡಾ ಲೆಕ್ಕದಲ್ಲಿ 260 ಎಂದರೆ 1,420ರ ಶೇ. 18. ಮೂರು ಕ್ವಿಂಟಲ್‌ಗೆ ಶೇ. 18 ಎಂದರೆ 54 ಕೆಜಿ. ನಾನಾದರೆ "ಅರ್ಧ ಕ್ವಿಂಟಲ್ ಆಸುಪಾಸು ಬರಬಹುದು, ಹೊಲದ ಮೇಲೆ ಹೋಗುತ್ತದೆ" ಎಂದು ಬರೆಯುತ್ತೇನೆ. ಕಡಿಮೆ ಹೇಳಿ ಜಾಸ್ತಿ ಬಂದರೆ ಯಾರೂ ಬೈಯುವುದಿಲ್ಲ.

ಖರ್ಚಿನ ಲೆಕ್ಕವನ್ನೂ ನೀವೇ ಮಾಡಿ. ಪೇಪರಿನಲ್ಲಿ ಬಿ.ಸಿ. ರೇಷಿಯೋ ಎಂದು, ಖರ್ಚಿಗೆ ಎಷ್ಟು ಪಟ್ಟು ಆದಾಯ ಬಂತು ಎಂದು ಹೇಳುವ ಒಂದು ಅಂಕಿ ಇರುತ್ತದೆ. ಕೆಲವರು ಒಟ್ಟು ಆದಾಯವನ್ನು ಖರ್ಚಿನಿಂದ ಭಾಗಿಸುತ್ತಾರೆ, ಕೆಲವರು ನಿವ್ವಳ ಆದಾಯವನ್ನು. ಜೊತೆಗೆ ಕೂಲಿ, ಧಾರಣೆ ಎರಡೂ ಪ್ರಯೋಗ ನಡೆದ ವರ್ಷದವು. ಅದನ್ನು ಬಿಟ್ಟು, ಈ ಒಂದು ಕೆಲಸಕ್ಕೆ ಎಷ್ಟು ಖರ್ಚು, ಅದು ವಾಪಸ್ ಬರಲು ಎಷ್ಟು ಕೆಜಿ ತೊಗರಿ ಬೇಕು ಎಂದು ನೋಡಿ. ಉದಾಹರಣೆಗೆ ನಿಮ್ಮೂರಲ್ಲಿ ಎಕರೆ ಚಿವುಟಲು 1,200 ರೂಪಾಯಿ ಕೂಲಿ, ತೊಗರಿ ಕ್ವಿಂಟಲ್‌ಗೆ 6,000 ಎಂದು ಇಟ್ಟುಕೊಳ್ಳಿ. 20 ಕೆಜಿ ಹೆಚ್ಚು ಬಂದರೆ ಕೂಲಿ ಹುಟ್ಟಿತು. ಅದರ ಮೇಲಿನದ್ದು ಲಾಭ. ಈ ಸಾಲು ಎಲ್ಲರಿಗೂ ಒಂದೇ ಸಲಕ್ಕೆ ತಿಳಿಯುತ್ತದೆ. ಚಿವುಟುವ ಯಂತ್ರ ಬಳಸಿದ್ದಾರೋ ಕೈಯಲ್ಲಿ ಮಾಡಿಸಿದ್ದಾರೋ ಎಂದೂ ಪೇಪರಿನಲ್ಲಿ ನೋಡಿಕೊಳ್ಳಿ. ಖರ್ಚು ಬೇರೆ ಆಗುತ್ತದೆ.

ಇಷ್ಟಾದ ಮೇಲೆ ಮೆಟೀರಿಯಲ್ಸ್ ಅಂಡ್ ಮೆಥಡ್ಸ್ ಎಂಬ ಭಾಗಕ್ಕೆ ಹೋಗಿ. ಬೇಸರ ಹಿಡಿಸುವ ಪುಟ ಅದು, ಆದರೆ ಬಿಡಬೇಡಿ. ಎಲ್ಲ ತಾಕುಗಳಿಗೂ ಸಮನಾಗಿ ಏನು ಕೊಟ್ಟರು ಎಂಬುದು ಅಲ್ಲಿರುತ್ತದೆ. ತಳಿ ಯಾವುದು, ಮಣ್ಣು ಎಂಥದು, ಮಳೆ ಎಷ್ಟು ಬಿತ್ತು, ನಡುವೆ ನೀರು ಕೊಟ್ಟರೋ ಇಲ್ಲವೋ, ಒಂದು ವರ್ಷ ಮಾಡಿದರೋ ಎರಡು ವರ್ಷವೋ. ಆಳವಾದ ಕಪ್ಪು ಮಣ್ಣಿನಲ್ಲಿ ಮಾಡಿದ ಪ್ರಯೋಗವಾದರೆ ಮಡ್ಡಿ ಹೊಲದವರಿಗೆ ಅದೇ ಫಲಿತಾಂಶ ಬರುತ್ತದೆ ಎಂದು ಮಾತು ಕೊಡಬೇಡಿ. ಕಾರಣ ಸರಳ. ನೆತ್ತಿಯ ಕುಡಿ ಇದ್ದಷ್ಟು ದಿನ ಗಿಡ ಮೇಲಕ್ಕೇ ಬೆಳೆಯುತ್ತದೆ, ಪಕ್ಕದ ಮೊಗ್ಗುಗಳು ಸುಮ್ಮನಿರುತ್ತವೆ. ಕುಡಿ ಹೋದರೆ ಪಕ್ಕದ ಟಿಸಿಲುಗಳು ಒಡೆಯುತ್ತವೆ. ಟಿಸಿಲು ಜಾಸ್ತಿ ಆದರೆ ಹೂವು, ಕಾಯಿ ಜಾಸ್ತಿ. ಆದರೆ ಆ ಟಿಸಿಲುಗಳಿಗೆ ನೀರು, ಆಹಾರ ಬೇಕಲ್ಲ? ನೆಲದಲ್ಲಿ ತೇವ ಇಲ್ಲದೆ ಗಿಡ ಬಾಡುತ್ತಿರುವಾಗ ಚಿವುಟಿದರೆ ಟಿಸಿಲು ಒಡೆಯಲು ಕಸುವು ಎಲ್ಲಿಂದ ಬರಬೇಕು? ಹಾಗಾಗಿ "ತೇವ ಇದ್ದಾಗ" ಎಂಬ ಎರಡು ಪದ ನಿಮ್ಮ ಹಾಳೆಯಲ್ಲಿ ಇರಲೇಬೇಕು.

ಗೊಬ್ಬರದ ವಿಷಯದಲ್ಲಿ ನಾನೇ ಒಂದು ತಪ್ಪು ಮಾಡಿದ್ದೇನೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಪೇಪರಿನಿಂದ "ಸಾರಜನಕ 25, ರಂಜಕ 50 ಕೆಜಿ" ಎಂದು ಬರೆದುಕೊಟ್ಟೆ. ಹೆಕ್ಟೇರಿಗೆ ಎಂಬ ಪದ ಬಿಟ್ಟುಹೋಗಿತ್ತು. ಒಬ್ಬ ರೈತರು ಅದನ್ನು ಎಕರೆಗೆ ಎಂದು ತಿಳಿದು, ಅಂಗಡಿಯವರಿಗೆ ಹಾಳೆ ತೋರಿಸಿ, ಎಕರೆಗೆ ಎರಡು ಚೀಲದ ಮೇಲೆ ಡಿಎಪಿ ಹಾಕಿದರು. ದುಡ್ಡು ಅವರದು, ತಪ್ಪು ನನ್ನದು. ಅವತ್ತಿನಿಂದ ಪೋಷಕಾಂಶದ ಕೆಜಿಯನ್ನು ರೈತರ ಹಾಳೆಯಲ್ಲಿ ಬರೆಯುವುದನ್ನೇ ಬಿಟ್ಟೆ. ಚೀಲದ ಲೆಕ್ಕ ಮಾತ್ರ ಬರೆಯುತ್ತೇನೆ.

ಲೆಕ್ಕ ಹೀಗೆ. ಹೆಕ್ಟೇರಿಗೆ 25 ಮತ್ತು 50 ಎಂದರೆ ಎಕರೆಗೆ ಸಾರಜನಕ 10, ರಂಜಕ 20 ಕೆಜಿ. ಡಿಎಪಿಯಲ್ಲಿ ರಂಜಕ ಶೇ. 46, ಸಾರಜನಕ ಶೇ. 18. 20 ಕೆಜಿ ರಂಜಕಕ್ಕೆ ಡಿಎಪಿ 43ರಿಂದ 44 ಕೆಜಿ ಬೇಕು. ಅದರಲ್ಲೇ ಸುಮಾರು 8 ಕೆಜಿ ಸಾರಜನಕವೂ ಬಂತು. ಉಳಿದ ಎರಡು ಕೆಜಿಗೆ ಶೇ. 46 ಸಾರಜನಕ ಇರುವ ಯೂರಿಯಾ ಐದು ಕೆಜಿ ಸಾಕು. ಹಾಳೆಯಲ್ಲಿ ಹೀಗೆ ಬರೆಯಿರಿ: "ಎಕರೆಗೆ ಒಂದು ಚೀಲಕ್ಕಿಂತ ಸ್ವಲ್ಪ ಕಮ್ಮಿ ಡಿಎಪಿ, ಐದು ಕೆಜಿ ಯೂರಿಯಾ." ಮಣ್ಣು ಪರೀಕ್ಷೆ ಮಾಡಿಸಿದವರು ಅದರ ಪ್ರಕಾರ ಹಾಕಲಿ.

ಕೀಟನಾಶಕ ಇದ್ದರೆ ಇನ್ನೂ ಎಚ್ಚರ ಬೇಕು. ಪೇಪರಿನಲ್ಲಿ ಗ್ರಾಂ ಪಕ್ಕ ಎ.ಐ. ಎಂದು ಇದ್ದರೆ ಅದು ಡಬ್ಬಿಯ ತೂಕ ಅಲ್ಲ, ಒಳಗಿನ ಅಸಲಿ ವಿಷದ ತೂಕ. ಎಮಾಮೆಕ್ಟಿನ್ ಬೆಂಜೊಯೇಟ್ 5 ಎಸ್‌ಜಿ ಹೆಕ್ಟೇರಿಗೆ 11 ಗ್ರಾಂ ಎ.ಐ. ಎಂದಿದ್ದರೆ, ಶೇ. 5ರ ಆ ಔಷಧಿ 220 ಗ್ರಾಂ ಬೇಕು. ಎಕರೆಗೆ 88 ಗ್ರಾಂ. ಹಾಗೇ 11 ಗ್ರಾಂ ಎಂದು ಬರೆದರೆ ಹುಳು ಸಾಯುವುದಿಲ್ಲ, ರೈತರು ಔಷಧಿಯನ್ನು ಬೈಯುತ್ತಾರೆ. ಇನ್ನೊಂದು ವಿಷಯ. ಪ್ರಯೋಗದಲ್ಲಿ ಪರೀಕ್ಷೆ ಮಾಡಿದ ಔಷಧಿಗೆಲ್ಲ ಆ ಬೆಳೆಯ ಮೇಲೆ ಅನುಮತಿ ಇರಬೇಕೆಂದಿಲ್ಲ. ಡಬ್ಬಿಯ ಲೇಬಲ್ ಮೇಲೆ ತೊಗರಿ ಹೆಸರು ಇಲ್ಲದಿದ್ದರೆ ನಿಮ್ಮ ಹಾಳೆಯಲ್ಲೂ ಅದು ಬೇಡ.

ದಿನದ ಲೆಕ್ಕದಲ್ಲೂ ಒಂದು ಗುಂಡಿ ಇದೆ. ಡಿಎಎಸ್ ಎಂದರೆ ಬಿತ್ತಿದ ಮೇಲಿನ ದಿನ. ಡಿಎಟಿ ಎಂದರೆ ನಾಟಿ ಮಾಡಿದ ಮೇಲಿನ ದಿನ. ಈಗ ಬೀದರ್ ಕಡೆಯಿಂದ ನಮ್ಮ ಕಡೆವರೆಗೂ ಪಾಲಿಥಿನ್ ಚೀಲದಲ್ಲಿ ಸಸಿ ಮಾಡಿ ತೊಗರಿ ನಾಟಿ ಮಾಡುವವರಿದ್ದಾರೆ. ಹೊಲಕ್ಕೆ ಬರುವ ಹೊತ್ತಿಗೆ ಸಸಿಗೆ ಹೆಚ್ಚು ಕಡಿಮೆ ಒಂದು ತಿಂಗಳು ಆಗಿರುತ್ತದೆ. ಒಂದನ್ನು ಇನ್ನೊಂದು ಎಂದು ಬರೆದರೆ ತಿಂಗಳೇ ತಪ್ಪಿಹೋಗುತ್ತದೆ. ಕೂರಿಗೆ ಬಿತ್ತನೆಯ ಪೇಪರನ್ನು ನಾಟಿ ತೊಗರಿಗೆ ಹಚ್ಚಬೇಡಿ.

ಬಿತ್ತಿದವರಿಗೂ ದಿನ ಎಣಿಸಿ ಹೇಳುವ ಬದಲು ಮಳೆ ನಕ್ಷತ್ರದಲ್ಲಿ ಹೇಳಿ. ನಮ್ಮ ಹಿರಿಯ ರೈತರು ಹಾಗೇ ನೆನಪಿಡುತ್ತಾರೆ. ಆರಿದ್ರಾ ಮಳೆಯ ಶುರುವಿನಲ್ಲಿ, ಜೂನ್ 25ರ ಹೊತ್ತಿಗೆ, ಬಿತ್ತಿದರೆ 45 ದಿನಕ್ಕೆ ಆಗಸ್ಟ್ 9. ಆಗ ಆಶ್ಲೇಷ ನಡೆಯುತ್ತಿರುತ್ತದೆ. 60 ದಿನಕ್ಕೆ ಆಗಸ್ಟ್ 24, ಮಘಾ ಮಳೆಯ ನಡುವೆ. "ಆರಿದ್ರಾದಾಗ ಬಿತ್ತಿದ್ರ ಆಶ್ಲೇಷದಾಗ ಕುಡಿ ಚಿವುಟ್ರಿ" ಎಂದರೆ ಕಾಕಾ ಹಾಳೆ ಕಳೆದುಕೊಂಡರೂ ಮಾತು ಉಳಿಯುತ್ತದೆ.

ಈಗ ಯಾವ ರೂಪದಲ್ಲಿ ಬರೆಯಬೇಕು? ಇಡೀ ಅಬ್‌ಸ್ಟ್ರ್ಯಾಕ್ಟ್ ಅನುವಾದ ಮಾಡುವುದು ಒಂದು ದಾರಿ. ಮೇಲಿನವರಿಗೆ ಕೆಲಸ ಆಯಿತು ಎಂದು ತೋರಿಸಬಹುದು, ರೈತರಿಗೆ ಉಪಯೋಗ ಇಲ್ಲ. ಬರೀ "ಹೀಗೆ ಮಾಡಿ" ಎಂದು ನಾಲ್ಕು ಸಾಲು ಬರೆಯುವುದು ಇನ್ನೊಂದು ದಾರಿ. ಓದಲು ಸುಲಭ. ಆದರೆ ಯಾವ ಹೊಲಕ್ಕೆ ಅನ್ವಯಿಸುತ್ತದೆ ಎಂಬುದು ಹೋಗಿಬಿಡುತ್ತದೆ, ರೈತರು ಮರುಪ್ರಶ್ನೆ ಕೇಳಿದರೆ ನಿಮ್ಮ ಹತ್ತಿರ ಉತ್ತರ ಇರುವುದಿಲ್ಲ. ನಾನು ಎರಡು ಹಾಳೆ ಮಾಡಿಕೊಳ್ಳುತ್ತೇನೆ. ಒಂದು ನನಗೆ ಮತ್ತು ಜೊತೆಯ ಕಾರ್ಯಕರ್ತರಿಗೆ. ಅದರಲ್ಲಿ ಟೇಬಲ್, ಸಿ.ಡಿ., ಜಾಗ, ವರ್ಷ, ತಳಿ, ಮಳೆ, ಯಾವುದಕ್ಕೆ ಅನ್ವಯಿಸುವುದಿಲ್ಲ, ಎಲ್ಲ ಇರುತ್ತದೆ. ಇನ್ನೊಂದು ರೈತರಿಗೆ. ಸಮಯ ಜಾಸ್ತಿ ಹಿಡಿಯುತ್ತದೆ, ಒಂದು ಪೇಪರಿಗೆ ಎರಡು ಸಂಜೆ ಬೇಕು. ಆದರೂ ಇದೇ ಸುರಕ್ಷಿತ.

ನಾನು ಮೇಲೆ ಕೊಟ್ಟ ಟೇಬಲ್‌ನಿಂದ ರೈತರ ಹಾಳೆ ಬರೆದರೆ, ಪ್ರಯೋಗ ಕಪ್ಪು ಮಣ್ಣಿನಲ್ಲಿ ಆಯಿತು ಎಂದಿಟ್ಟುಕೊಂಡು, ಹೀಗಿರುತ್ತದೆ:

> ತೊಗರಿ ಕುಡಿ ಯಾವಾಗ ಚಿವುಟಬೇಕು?
> ಕೂರಿಗೆಯಲ್ಲಿ ಬಿತ್ತಿದ ತೊಗರಿಗೆ ಒಂದೂವರೆ ತಿಂಗಳಿಂದ ಎರಡು ತಿಂಗಳ ಒಳಗೆ ನೆತ್ತಿಯ ಎಳೆ ಕುಡಿ ಚಿವುಟಿ. ಆರಿದ್ರಾದಲ್ಲಿ ಬಿತ್ತಿದವರು ಆಶ್ಲೇಷದಲ್ಲಿ ಶುರು ಮಾಡಿ, ಮಘಾ ನಡುವಿನ ಹೊತ್ತಿಗೆ ಮುಗಿಸಿ.
> ನೆಲದಲ್ಲಿ ತೇವ ಇದ್ದಾಗ ಮಾಡಿ. ಗಿಡ ಬಾಡಿದ್ದರೆ ಮಳೆ ಬರುವ ತನಕ ಕಾಯಿರಿ.
> ಒಂದು ತಿಂಗಳಿಗೇ ಚಿವುಟಿದರೆ ಲಾಭ ಇದೆ ಎಂದು ಪ್ರಯೋಗದಲ್ಲಿ ಕಾಣಲಿಲ್ಲ.
> ಎಕರೆಗೆ ಮೂರು ಕ್ವಿಂಟಲ್ ಬೆಳೆಯುವ ಹೊಲದಲ್ಲಿ ಅರ್ಧ ಕ್ವಿಂಟಲ್ ಆಸುಪಾಸು ಹೆಚ್ಚು ಬರಬಹುದು. ಕೂಲಿ ಹುಟ್ಟಲು 20 ಕೆಜಿ ಬೇಕು.
> ಈ ಪ್ರಯೋಗ ಕಪ್ಪು ಮಣ್ಣಿನಲ್ಲಿ ಆದದ್ದು. ಮಡ್ಡಿ ಹೊಲದವರು ಮೊದಲು ನಾಲ್ಕು ಸಾಲಿನಲ್ಲಿ ಮಾಡಿ ನೋಡಿ. ನಾಟಿ ತೊಗರಿಗೆ ಈ ಲೆಕ್ಕ ಅಲ್ಲ.

ಇದರಲ್ಲಿ ವಿಜ್ಞಾನದ ಒಂದು ಪದವೂ ಇಲ್ಲ, ಆದರೆ ಟೇಬಲ್‌ನ ಎಲ್ಲ ಸಾಲೂ ಇದೆ. ಕೆಳಗೆ ಸಣ್ಣಕ್ಷರದಲ್ಲಿ ಪ್ರಯೋಗ ನಡೆದ ಜಾಗ, ವರ್ಷ ಬರೆಯಿರಿ.

ಹಂಚುವ ಮೊದಲು ಎರಡು ಕೆಲಸ. ಒಂದು, ನಿಮ್ಮ ಭಾಗದ ಕೃಷಿ ವಿಶ್ವವಿದ್ಯಾಲಯ ಹೊರತರುವ ಬೇಸಾಯ ಕ್ರಮಗಳ ಪುಸ್ತಕದಲ್ಲಿ ಈ ವಿಷಯಕ್ಕೆ ಏನಿದೆ ನೋಡಿ. ಒಂದು ಪೇಪರ್ ಎಂದರೆ ಒಂದು ಜಾಗದ ಒಂದೆರಡು ವರ್ಷದ ಮಾತು. ಅದು ಶಿಫಾರಸು ಅಲ್ಲ. ಎರಡೂ ಹೊಂದಿದರೆ ಧೈರ್ಯವಾಗಿ ಹಂಚಿ. ಹೊಂದದಿದ್ದರೆ ಕೃಷಿ ವಿಜ್ಞಾನ ಕೇಂದ್ರದವರನ್ನು ಕೇಳಿ, ಅಥವಾ ಪೇಪರಿನ ಮೊದಲ ಪುಟದಲ್ಲಿರುವ ಇಮೇಲಿಗೆ ಬರೆಯಿರಿ. ಕನ್ನಡದಲ್ಲೇ ಬರೆದರೂ ಉತ್ತರ ಕೊಟ್ಟ ವಿಜ್ಞಾನಿಗಳನ್ನು ನಾನು ಕಂಡಿದ್ದೇನೆ.

ಎರಡು, ಆ ಕಾಕಾಗೇ ಹಾಳೆ ಓದಿ ಹೇಳಿ. "ತಿಳೀತಾ?" ಎಂದು ಮಾತ್ರ ಕೇಳಬೇಡಿ. ಎಲ್ಲರೂ ತಿಳೀತು ಎಂದೇ ಹೇಳುತ್ತಾರೆ. "ಕಾಕಾ, ನಿಮ್ಮ ಹೊಲದಾಗ ಯಾವತ್ತು ಚಿವುಟ್ತೀರಿ? ಎಷ್ಟ್ ಆಳು ಬೇಕು?" ಎಂದು ಕೇಳಿ. ಅವರು ತಪ್ಪಾಗಿ ಹೇಳಿದ ಕಡೆ ನಿಮ್ಮ ವಾಕ್ಯ ತಪ್ಪಿದೆ. ಅಲ್ಲಿ ತಿದ್ದಿ.

ಅವರು ಒಪ್ಪಿದರೆ ಈ ಮುಂಗಾರಿನಲ್ಲಿ ಒಂದು ಕೆಲಸ ಮಾಡಿಸಿ. ಹೊಲದ ಮೂರು ಬೇರೆ ಬೇರೆ ಕಡೆ ನಾಲ್ಕು ನಾಲ್ಕು ಸಾಲು ಚಿವುಟದೆ ಬಿಡಲಿ, ಗೂಟ ನೆಟ್ಟು ಗುರುತು ಮಾಡಲಿ. ರಾಶಿ ಮಾಡುವಾಗ ಆ ಸಾಲುಗಳನ್ನೂ, ಪಕ್ಕದಲ್ಲೇ ಚಿವುಟಿದ ಅಷ್ಟೇ ಉದ್ದದ ನಾಲ್ಕು ಸಾಲುಗಳನ್ನೂ ಬೇರೆ ಬೇರೆ ಬಡಿದು ತೂಗಿ. ಮೂರೂ ಕಡೆ ಚಿವುಟಿದ್ದೇ ಜಾಸ್ತಿ ತೂಗಿದರೆ, ಮುಂದಿನ ವರ್ಷದ ಹಾಳೆಯಲ್ಲಿ ಪೇಪರಿನ ಅಂಕಿಯ ಪಕ್ಕ ನಿಮ್ಮೂರಿನ ಅಂಕಿಯನ್ನೂ ಬರೆಯಿರಿ. ಒಂದು ಕಡೆ ಜಾಸ್ತಿ, ಒಂದು ಕಡೆ ಕಮ್ಮಿ ಬಂದರೆ ಅದನ್ನೂ ಬರೆಯಿರಿ, ಆ ಜಾಗದ ಮಣ್ಣು ಹೇಗಿತ್ತು ಎಂಬುದರ ಸಮೇತ.